ಸ್ಟೀಲ್ ಬಾಟಲ್ ಮೇಜಿನ ಮೇಲೆ ಕೂರುತ್ತಿಲ್ಲ: ಎಚ್‌ಡಿಆರ್ ಬೆಳಕು ಮತ್ತು ರಿಫ್ಲೆಕ್ಷನ್ ಪ್ರೋಬ್‌ನ ದೋಷ ಹುಡುಕುವುದು ಹೇಗೆ

ಒಂದು ಸ್ಟೀಲ್ ನೀರಿನ ಬಾಟಲ್‌ನ ರೆಂಡರ್ ಮಾಡುತ್ತಿದ್ದೆ. ಎತ್ತರ 25 ಸೆಂ.ಮೀ., ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಮಾಡೆಲ್ ಸರಿಯಿತ್ತು, ಮೇಜಿನ ಮರದ ಟೆಕ್ಸ್ಚರ್ ಸರಿಯಿತ್ತು, ಬೆಳಕಿಗೆ ಒಳ್ಳೆಯ ಸ್ಟುಡಿಯೋ ಎಚ್‌ಡಿಆರ್‌ಐ, ಅಂದರೆ ಸುತ್ತಲಿನ ನಿಜವಾದ ಬೆಳಕಿನ ಅಳತೆ ಹಿಡಿದಿಟ್ಟ ಪನೋರಮಾ ಚಿತ್ರ, ಹಾಕಿದ್ದೆ. ಆದರೂ ಚಿತ್ರ ನೋಡಿದವರು ಹೇಳಿದ್ದು ಒಂದೇ ಮಾತು: ಬಾಟಲ್ ತೇಲುತ್ತಿರುವ ಹಾಗಿದೆ, ಸ್ಟೀಲ್ ಅನ್ನುವ ಹಾಗೆ ಕಾಣುತ್ತಿಲ್ಲ.

ಮತ್ತೆ ಮತ್ತೆ ನೋಡಿದಾಗ ನನಗೆ ಮೂರು ಲಕ್ಷಣ ಕಂಡವು. ನೆರಳು ಒಂದೇ ಇತ್ತು, ಅದರ ಅಂಚು ಚೂಪಾಗಿತ್ತು, ನೇರವಾಗಿ ಬಾಟಲ್‌ನ ಹಿಂದಕ್ಕೆ ಬಿದ್ದಿತ್ತು. ಬಾಟಲ್‌ನ ಮೈಮೇಲೆ ನಡುವೆ ಒಂದು ದುಂಡನೆಯ ಹೊಳಪಿನ ಚುಕ್ಕೆ ಇತ್ತು. ಬುಡದ ಹತ್ತಿರ ಮೇಜಿನ ಮರದ ಬಣ್ಣ ಕಾಣಬೇಕಾದ ಕಡೆ ಬರೀ ಬೂದು ಬಣ್ಣವಿತ್ತು.

ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಮೆಟೀರಿಯಲ್ ಕಡೆಗೆ. ರಫ್‌ನೆಸ್ ಸ್ವಲ್ಪ ಕಡಿಮೆ, ಬಣ್ಣ ಸ್ವಲ್ಪ ಜಾಸ್ತಿ, ಹೀಗೆ ಒಂದು ಸಂಜೆ ಪೂರ್ತಿ ತಿದ್ದಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಲೋಹಕ್ಕೆ ತನ್ನದೇ ಆದ ರೂಪ ತುಂಬಾ ಕಡಿಮೆ. ಸುತ್ತ ಏನಿದೆಯೋ ಅದನ್ನೇ ಅದು ತೋರಿಸುತ್ತದೆ. ಸುತ್ತಲಿನದು ತಪ್ಪಾಗಿ ತಲುಪುತ್ತಿದ್ದರೆ ಮೆಟೀರಿಯಲ್‌ನಲ್ಲಿ ಏನು ತಿದ್ದಿದರೂ ಅದು ಸರಿಹೋಗುವುದಿಲ್ಲ.

ನಾನು ಬಳಸಿದ್ದು ಬ್ಲೆಂಡರ್ 4.2, ರೆಂಡರ್ ಎಂಜಿನ್ `EEVEE`. ಬೇರೆ ರಿಯಲ್‌ಟೈಮ್ ಎಂಜಿನ್ ಬಳಸುವವರಿಗೂ ಹುಡುಕುವ ದಾರಿ ಇದೇ. ಬಟನ್‌ಗಳ ಹೆಸರು ಮಾತ್ರ ಬದಲಾಗುತ್ತವೆ.

## ಮೊದಲು ಎರಡು ಚೆಂಡು ಇಡಿ

ಬಾಟಲ್ ಅನ್ನು ಮರೆಮಾಡಿ. ಅದೇ ಜಾಗದಲ್ಲಿ ಎರಡು ಗೋಳ ಇಡಿ. ಒಂದು ಬೂದು ಚೆಂಡು: ಬರೀ `Diffuse BSDF`, ಬಣ್ಣ 0.18. ಇನ್ನೊಂದು ಕನ್ನಡಿ ಚೆಂಡು: ಮೆಟಾಲಿಕ್ 1, ರಫ್‌ನೆಸ್ 0, ಬಣ್ಣ ಬಿಳಿ. 1998ರಲ್ಲಿ ಪಾಲ್ ಡೆಬೆವೆಕ್ ಅವರು ನಿಜವಾದ ಜಾಗದ ಬೆಳಕನ್ನು ಹಿಡಿದು ಅದರಿಂದ ಕಂಪ್ಯೂಟರ್ ವಸ್ತುಗಳಿಗೆ ಬೆಳಕು ಕೊಡುವ ವಿಧಾನ ತೋರಿಸಿದಾಗಲೂ ಬೆಳಕನ್ನು ಹಿಡಿಯಲು ಬಳಸಿದ್ದು ಕನ್ನಡಿಯಂಥ ಒಂದು ಗೋಳವನ್ನೇ. ಅಂದು ಬೆಳಕನ್ನು ಹಿಡಿಯಲು ನೆರವಾದ ಸಾಧನ ಇಂದು ಬೆಳಕನ್ನು ಪರೀಕ್ಷಿಸಲೂ ನೆರವಾಗುತ್ತದೆ.

ಬೂದು ಚೆಂಡು ಹೇಳುವುದು ಬೆಳಕು ಎಲ್ಲಿಂದ ಬರುತ್ತಿದೆ, ಎಷ್ಟು ಬರುತ್ತಿದೆ, ನೆರಳು ಎತ್ತ ಬೀಳುತ್ತದೆ ಎಂದು. ಕನ್ನಡಿ ಚೆಂಡು ಹೇಳುವುದು ಪ್ರತಿಬಿಂಬದಲ್ಲಿ ಏನಿದೆ, ಯಾವ ಜಾಗದಲ್ಲಿದೆ ಎಂದು. ಎರಡೂ ಒಂದೇ ಕಥೆ ಹೇಳಬೇಕು. ಕನ್ನಡಿ ಚೆಂಡಿನ ಎಡಗಡೆ ದೊಡ್ಡ ದೀಪ ಕಂಡರೆ ಬೂದು ಚೆಂಡಿನ ಎಡಗಡೆಯೇ ಬೆಳಗಬೇಕು, ನೆರಳು ಬಲಕ್ಕೆ ಬೀಳಬೇಕು.

ನನ್ನ ಫೈಲಿನಲ್ಲಿ ಎರಡು ಚೆಂಡುಗಳ ಮಾತು ಕೂಡಲಿಲ್ಲ. ಕನ್ನಡಿ ಚೆಂಡಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಸಾಫ್ಟ್‌ಬಾಕ್ಸ್, ಅಂದರೆ ಮೆತ್ತಗಿನ ಬೆಳಕು ಕೊಡುವ ಅಗಲವಾದ ಸ್ಟುಡಿಯೋ ದೀಪ, ಕಾಣುತ್ತಿತ್ತು. ಬೂದು ಚೆಂಡು ಮಾತ್ರ ಎದುರಿನಿಂದ, ಹೆಚ್ಚುಕಮ್ಮಿ ಕ್ಯಾಮೆರಾ ಇರುವ ಕಡೆಯಿಂದ ಬೆಳಗಿತ್ತು. ಆ ದಿಕ್ಕಿನಲ್ಲಿ ದೀಪವೇ ಇರಲಿಲ್ಲ.

ಪರೀಕ್ಷೆ ಮಾಡುವಾಗ ವ್ಯೂ ಟ್ರಾನ್ಸ್‌ಫಾರ್ಮ್ ಅನ್ನು `AgX`ನಿಂದ `Standard`ಗೆ ಬದಲಿಸಿ. `AgX` ಕಣ್ಣಿಗೆ ಹಿತವಾಗಿರಲಿ ಎಂದು ಹೆಚ್ಚು ಬೆಳಕಿರುವ ಕಡೆ ಬಾಗಿಸಿ ತೋರಿಸುತ್ತದೆ. ಅಳತೆ ಮಾಡುವಾಗ ಅದು ಅಡ್ಡ ಬರುತ್ತದೆ. ಕೊನೆಯ ರೆಂಡರ್‌ಗೆ ಮತ್ತೆ ಹಾಕಿಕೊಳ್ಳಬಹುದು.

## ದೋಷವನ್ನು ಎರಡು ಪಾಲು ಮಾಡುವುದು

ಈಗ ಅದೇ ದೃಶ್ಯವನ್ನು, ಏನೂ ಮುಟ್ಟದೆ, ಬ್ಲೆಂಡರ್‌ನ ಇನ್ನೊಂದು ರೆಂಡರ್ ಎಂಜಿನ್ ಆದ `Cycles`ನಲ್ಲಿ ರೆಂಡರ್ ಮಾಡಿ. ಸಣ್ಣ ಚಿತ್ರ ಸಾಕು. `Cycles` ಪ್ರತಿಯೊಂದು ಕಿರಣವನ್ನೂ ಹಿಂಬಾಲಿಸುತ್ತದೆ, ಅದಕ್ಕೆ ಸುತ್ತಲಿನ ಪ್ರತಿಬಿಂಬವನ್ನು ಮೊದಲೇ ತೆಗೆದಿಡುವ ಪ್ರೋಬ್ ಬೇಕಿಲ್ಲ. ಹಾಗಾಗಿ ಇದೊಂದು ಹೋಲಿಕೆಯಿಂದ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎರಡರಲ್ಲೂ ತಪ್ಪು ಕಂಡರೆ ದೋಷ ಎಚ್‌ಡಿಆರ್ ಫೈಲಿನಲ್ಲಿದೆ, ಅದನ್ನು ಓದುವ ರೀತಿಯಲ್ಲಿದೆ, ಇಲ್ಲವೇ ಮೆಟೀರಿಯಲ್‌ನಲ್ಲಿದೆ. `Cycles`ನಲ್ಲಿ ಸರಿಯಿದ್ದು `EEVEE`ನಲ್ಲಿ ಮಾತ್ರ ತಪ್ಪಿದ್ದರೆ ಫೈಲು ಮತ್ತು ಮೆಟೀರಿಯಲ್ ಎರಡನ್ನೂ ಬಿಟ್ಟುಬಿಡಿ. ದೋಷವಿರುವುದು ರಿಯಲ್‌ಟೈಮ್ ಎಂಜಿನ್ ಬೆಳಕನ್ನು ಸುಲಭ ಮಾಡಿಕೊಳ್ಳುವ ಕಡೆ, ಅಂದರೆ ವರ್ಲ್ಡ್ ಸೆಟ್ಟಿಂಗ್‌ನಲ್ಲಿ ಅಥವಾ ಪ್ರೋಬ್‌ನಲ್ಲಿ.

ನನ್ನದು ಎರಡನೆಯ ಗುಂಪು. `Cycles`ನಲ್ಲಿ ಎರಡು ಮೆತ್ತಗಿನ ನೆರಳು ಬಂದವು, ಬಾಟಲ್‌ನ ಬುಡದಲ್ಲಿ ಮರದ ಬಣ್ಣ ಕಂಡಿತು. ಆದರೂ ಮೊದಲ ಗುಂಪಿಗೆ ಸಿಗುವವರು ಜಾಸ್ತಿ. ಆ ದಾರಿಯನ್ನೂ ಹೇಳಿ ಮುಂದೆ ಹೋಗುತ್ತೇನೆ.

## ಎರಡು ಎಂಜಿನ್‌ನಲ್ಲೂ ತಪ್ಪಿದ್ದರೆ

ಫೈಲಿನ ಹೆಸರು `.hdr` ಅಥವಾ `.exr` ಎಂದು ಮುಗಿದ ಮಾತ್ರಕ್ಕೆ ಒಳಗೆ ನಿಜವಾದ ಬೆಳಕಿನ ಅಳತೆ ಇದೆ ಎಂದಲ್ಲ. ಯಾರೋ ಸಾಮಾನ್ಯ ಪನೋರಮಾ ಜೆಪಿಇಜಿಯನ್ನು ತೆರೆದು `.hdr` ಎಂದು ಸೇವ್ ಮಾಡಿರಬಹುದು. ಅಲ್ಲಿ ದೀಪವೂ ಬಿಳಿ ಗೋಡೆಯೂ ಒಂದೇ ಬೆಲೆ, 1.0. ಬೆಳಕಿಗೆ ದಿಕ್ಕೇ ಇರುವುದಿಲ್ಲ. ನೆರಳು ಮಸುಕಾಗಿ, ಸ್ಟೀಲ್ ಬೂದು ಪ್ಲಾಸ್ಟಿಕ್ ಹಾಗೆ ಕಾಣುತ್ತದೆ.

ಕಣ್ಣಿನಿಂದ ಪರೀಕ್ಷೆ ಮಾಡುವುದು ಸುಲಭ. ಬ್ಯಾಕ್‌ಗ್ರೌಂಡ್ ಕಾಣುವ ಹಾಗೆ ಇಟ್ಟು `Exposure` ಅನ್ನು -5 ಮಾಡಿ. ಬೆಳಕು 32 ಪಾಲಿನಲ್ಲಿ ಒಂದು ಪಾಲಾಗುತ್ತದೆ. ನಿಜವಾದ ಎಚ್‌ಡಿಆರ್ ಆಗಿದ್ದರೆ ಕೋಣೆಯೆಲ್ಲ ಕತ್ತಲಾಗಿ ದೀಪ ಮಾತ್ರ ಉರಿಯುತ್ತಿರುತ್ತದೆ. ಸುಳ್ಳು ಎಚ್‌ಡಿಆರ್ ಆಗಿದ್ದರೆ ದೀಪವೂ ಕಡು ಬೂದು ಬಣ್ಣಕ್ಕೆ ಇಳಿಯುತ್ತದೆ, 255ರಲ್ಲಿ ಸುಮಾರು 49ಕ್ಕೆ. ಸಂಖ್ಯೆಯಲ್ಲೇ ನೋಡಬೇಕು ಅಂದರೆ ಬ್ಲೆಂಡರ್‌ನ ಪೈಥಾನ್ ಕನ್ಸೋಲ್‌ನಲ್ಲಿ ಇದನ್ನು ಓಡಿಸಿ. ಫೈಲಿನ ಹೆಸರು ಮಾತ್ರ ನಿಮ್ಮದು ಹಾಕಿಕೊಳ್ಳಿ.

```python
import bpy, numpy as np
img = bpy.data.images["studio_4k.exr"]
px = np.empty(len(img.pixels), dtype=np.float32)
img.pixels.foreach_get(px)
rgb = px.reshape(-1, img.channels)[:, :3]
print(rgb.max(), np.median(rgb))
```

ಮೊದಲ ಸಂಖ್ಯೆ ಸರಿಯಾಗಿ 1.0 ಬಂದರೆ ಆ ಫೈಲನ್ನು ಪಕ್ಕಕ್ಕಿಡಿ. ಅದನ್ನು ಸರಿಮಾಡುವ ದಾರಿಯಿಲ್ಲ, ಯಾಕೆಂದರೆ ಕಳೆದುಹೋದ ಬೆಳಕು ಫೈಲಿನಲ್ಲೇ ಇಲ್ಲ. ನನ್ನ ಫೈಲಿನಲ್ಲಿ 30 ಬಂತು. ಸಾಫ್ಟ್‌ಬಾಕ್ಸ್ ಇರುವ ಸ್ಟುಡಿಯೋಗೆ ಅದು ಒಪ್ಪುವ ಸಂಖ್ಯೆ. ಬಿಸಿಲಿನ ಹೊರಾಂಗಣವಾಗಿದ್ದರೆ ಸೂರ್ಯನ ಜಾಗದಲ್ಲಿ ಸಾವಿರಾರು ಬರಬೇಕು. ಸೂರ್ಯನ ಅಗಲ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಮಾತ್ರ. 4ಕೆ ಮ್ಯಾಪ್‌ನಲ್ಲಿ ಅದು 6 ಪಿಕ್ಸೆಲ್ ಅಗಲ. ಅಷ್ಟು ಚಿಕ್ಕ ಜಾಗದಿಂದ ಇಡೀ ದೃಶ್ಯದ ಬಿಸಿಲು ಬರಬೇಕು ಅಂದರೆ ಆ ಕೆಲವೇ ಪಿಕ್ಸೆಲ್‌ಗಳ ಬೆಲೆ ಅಷ್ಟು ದೊಡ್ಡದಿರಲೇಬೇಕು, ಅಲ್ವಾ?

ಇನ್ನೊಂದು ಸಾಮಾನ್ಯ ತಪ್ಪು ಕಲರ್ ಸ್ಪೇಸ್. ಎನ್ವಿರಾನ್ಮೆಂಟ್ ಟೆಕ್ಸ್ಚರ್ ನೋಡ್‌ನಲ್ಲಿ `Linear Rec.709` ಇರಬೇಕು. ಅಲ್ಲಿ `sRGB` ಇದ್ದರೆ 0.5 ಇದ್ದದ್ದು 0.21 ಆಗುತ್ತದೆ, 1ಕ್ಕಿಂತ ಮೇಲಿದ್ದದ್ದು ಇನ್ನೂ ಮೇಲೆ ಹೋಗುತ್ತದೆ. ಕೋಣೆ ಕತ್ತಲು, ದೀಪ ಮಾತ್ರ ಕಣ್ಣು ಕುಕ್ಕುವ ಹಾಗೆ. ಇದನ್ನು ಕಂಡು ಸ್ಟ್ರೆಂಗ್ತ್ ಏರಿಸುತ್ತಾ ಹೋದರೆ ಎಷ್ಟು ಏರಿಸಿದರೂ ಸರಿಹೋಗುವುದಿಲ್ಲ.

ಮೆಟೀರಿಯಲ್ ಮೇಲೇ ಸಂಶಯವಿದ್ದರೆ ವರ್ಲ್ಡ್ ಅನ್ನು ಅಪ್ಪಟ ಬಿಳಿ ಮಾಡಿ, ಸ್ಟ್ರೆಂಗ್ತ್ 1 ಇಡಿ, ಮೇಜು ಗೋಡೆ ಎಲ್ಲ ಮರೆಮಾಡಿ, ಒಂದು ಸಲಕ್ಕೆ ಒಂದೇ ಚೆಂಡು ಇಡಿ. ಎಲ್ಲ ಕಡೆಯಿಂದ ಒಂದೇ ಬೆಳಕು. ಅಲ್ಲಿ 0.18 ಬಣ್ಣದ ಬೂದು ಚೆಂಡು `Standard` ವ್ಯೂನಲ್ಲಿ 255ಕ್ಕೆ 118 ತೋರಿಸಬೇಕು. ಬಿಳಿ ಕನ್ನಡಿ ಚೆಂಡು ಹಿನ್ನೆಲೆಯಲ್ಲಿ ಕರಗಿ ಕಾಣದೇ ಹೋಗಬೇಕು. ನಿಮ್ಮ ಸ್ಟೀಲ್ ಈ ಬಿಳಿ ಬೆಳಕಿನಲ್ಲಿ ಸುತ್ತಲಿಗಿಂತ ಹೆಚ್ಚು ಬೆಳಗಿದರೆ ಮೆಟೀರಿಯಲ್ ಬಂದದ್ದಕ್ಕಿಂತ ಜಾಸ್ತಿ ಬೆಳಕು ಹೊರಗೆ ಕೊಡುತ್ತಿದೆ ಎಂದರ್ಥ. ಮೆಟಾಲಿಕ್ ಬೆಲೆ 0.5, 0.6 ಹೀಗೆ ನಡುವೆ ನಿಂತಿದ್ದರೆ ಅದನ್ನೂ 1 ಮಾಡಿ. ಅರ್ಧ ಲೋಹ ಅನ್ನುವ ವಸ್ತು ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ಸ್ಟೀಲ್ ಸಪ್ಪೆಯಾಗಿದ್ದರೆ ಎಚ್‌ಡಿಆರ್‌ಐಯಲ್ಲಿ ಕಪ್ಪು ಭಾಗ ಇದೆಯಾ ನೋಡಿ. ಉತ್ಪನ್ನದ ಫೋಟೋ ತೆಗೆಯುವವರು ಲೋಹದ ಎರಡೂ ಬದಿಗೆ ಕಪ್ಪು ರಟ್ಟು ನಿಲ್ಲಿಸುತ್ತಾರೆ. ಅದರ ಪ್ರತಿಬಿಂಬದಿಂದಲೇ ಬಾಟಲ್‌ಗೆ ಅಂಚಿನ ಗೆರೆ ಬರುತ್ತದೆ. ಎಲ್ಲ ಕಡೆ ಬಿಳಿಯೇ ಇರುವ ಕೋಣೆಯಲ್ಲಿ ಅತ್ಯುತ್ತಮ ಸ್ಟೀಲ್ ಕೂಡ ಬೂದು ಕೊಳವೆಯ ಹಾಗೇ ಕಾಣುತ್ತದೆ.

## ಇಲ್ಲದ ಸೂರ್ಯ

ಈಗ ನನ್ನ ದೋಷಕ್ಕೆ ಬರೋಣ. ಬೂದು ಚೆಂಡಿನ ಮೇಲೆ ಎದುರಿನಿಂದ ಬೀಳುತ್ತಿದ್ದ ಬೆಳಕು ಎಲ್ಲಿಂದ ಬಂತು?

ರಿಯಲ್‌ಟೈಮ್ ಎಂಜಿನ್ ಎಚ್‌ಡಿಆರ್‌ಐಯನ್ನು ಹಾಗೆ ಹಾಗೇ ಬಳಸುವುದಿಲ್ಲ. ಮೇಲ್ಮೈಗೆ ಬೀಳುವ ಬೆಳಕಿಗಾಗಿ ಇಡೀ ಚಿತ್ರವನ್ನು ಹಿಂಡಿ ಕೆಲವೇ ಸಂಖ್ಯೆಗಳಿಗೆ ಇಳಿಸಿಕೊಳ್ಳುತ್ತದೆ. ರಾಮಮೂರ್ತಿ ಮತ್ತು ಹನ್ರಹಾನ್ 2001ರಲ್ಲಿ ತೋರಿಸಿದ ಹಾಗೆ ಮಾಸಲು ಮೇಲ್ಮೈಗೆ ಬಣ್ಣವೊಂದಕ್ಕೆ 9 ಸಂಖ್ಯೆಗಳಿದ್ದರೂ ಸಾಕು. ಆದರೆ ಅಷ್ಟು ಸಂಖ್ಯೆಗಳಲ್ಲಿ ಚೂಪು ನೆರಳಿಗೆ ಬೇಕಾದ ವಿವರ ಉಳಿಯುವುದಿಲ್ಲ. ಬಿಸಿಲಿನ ಎಚ್‌ಡಿಆರ್‌ಐ ಹಾಕಿದರೂ ನೆರಳು ಬರದೆ ಹೋಗುತ್ತಿದ್ದುದು ಇದೇ ಕಾರಣಕ್ಕೆ.

ಇದಕ್ಕೆ ಬ್ಲೆಂಡರ್ 4.2 ಒಂದು ಉಪಾಯ ತಂದಿತು. ವರ್ಲ್ಡ್ ಪ್ರಾಪರ್ಟೀಸ್‌ನಲ್ಲಿ `Sun` ಎಂಬ ಭಾಗವಿದೆ, ಅದರಲ್ಲಿ `Threshold` ಇದೆ. ಚಿತ್ರದಲ್ಲಿ ಆ ಬೆಲೆಗಿಂತ ಮೇಲಿರುವ ಬೆಳಕನ್ನೆಲ್ಲ ಕತ್ತರಿಸಿ ತೆಗೆದು, ಒಂದು ಸೂರ್ಯನ ದೀಪ ಮಾಡಿಕೊಡುತ್ತದೆ. ಹೊರಾಂಗಣಕ್ಕೆ ಇದು ಬಹಳ ಒಳ್ಳೆಯದು, ನೆರಳು ಸರಿಯಾಗಿ ಬರುತ್ತದೆ. ಆದರೆ ಸೂರ್ಯ ಒಂದೇ. ಚಿತ್ರದಲ್ಲಿ ಎರಡು ದೀಪಗಳಿದ್ದರೆ ಎರಡರ ಹೆಚ್ಚುವರಿ ಬೆಳಕನ್ನೂ ಕೂಡಿಸಿ, ದಿಕ್ಕನ್ನು ಸರಾಸರಿ ಮಾಡಿಬಿಡುತ್ತದೆ.

ನನ್ನ ಸಂಖ್ಯೆಗಳನ್ನೇ ತೆಗೆದುಕೊಳ್ಳಿ. ಎಡ ಸಾಫ್ಟ್‌ಬಾಕ್ಸ್ ಬಾಟಲ್‌ನ ಎದುರಿನಿಂದ 50 ಡಿಗ್ರಿ ಎಡಕ್ಕಿತ್ತು, ಬೆಲೆ 30. ಬಲದ್ದು 60 ಡಿಗ್ರಿ ಬಲಕ್ಕೆ, ಬೆಲೆ 22. ಎರಡರ ಗಾತ್ರ ಒಂದೇ. `Threshold` 10 ಇತ್ತು. ಅಂದರೆ ಎಡದಿಂದ 20, ಬಲದಿಂದ 12 ಕತ್ತರಿಸಿ ಹೋಯಿತು. ಈ ಎರಡು ಬಾಣಗಳನ್ನು ಕೂಡಿಸಿದರೆ ಸಿಗುವ ದಿಕ್ಕು ಎದುರಿನಿಂದ ಸುಮಾರು 15 ಡಿಗ್ರಿ ಎಡಕ್ಕೆ. ಹೆಚ್ಚುಕಮ್ಮಿ ಕ್ಯಾಮೆರಾದ ತಲೆಯ ಪಕ್ಕದಲ್ಲಿ! ಅಲ್ಲಿ ಸ್ಟುಡಿಯೋದಲ್ಲಿ ಏನೂ ಇರಲಿಲ್ಲ. ಆದರೆ ಎಂಜಿನ್ ಅಲ್ಲೊಂದು ಸೂರ್ಯ ಇಟ್ಟಿತ್ತು. ಚೂಪು ನೆರಳು ಹಿಂದಕ್ಕೆ ಬಿದ್ದದ್ದು, ಬಾಟಲ್ ನಡುವೆ ದುಂಡು ಚುಕ್ಕೆ ಬಂದದ್ದು, ಎರಡಕ್ಕೂ ಕಾರಣ ಅದೇ. ಸಾಫ್ಟ್‌ಬಾಕ್ಸ್‌ಗಳ ಪ್ರತಿಬಿಂಬ 10ಕ್ಕೆ ಮೊಟಕಾಗಿ ಮಂಕಾಗಿದ್ದಕ್ಕೂ ಅದೇ.

ಖಚಿತ ಮಾಡಿಕೊಳ್ಳಲು `Threshold` ಅನ್ನು 0 ಮಾಡಿ. ಆಗ ಸೂರ್ಯನನ್ನು ತೆಗೆಯುವ ಕೆಲಸ ಪೂರ್ತಿ ನಿಲ್ಲುತ್ತದೆ. ಚುಕ್ಕೆಯೂ ಚೂಪು ನೆರಳೂ ಒಟ್ಟಿಗೆ ಮಾಯವಾದರೆ ದೋಷ ಸಿಕ್ಕಿತು ಎಂದೇ ಅರ್ಥ. ನನ್ನಲ್ಲಿ ಎರಡೂ ಹೋದವು.

ಆದರೆ ಇಲ್ಲಿಗೆ ಮುಗಿಯುವುದಿಲ್ಲ. ಸೂರ್ಯ ಹೋದ ಮೇಲೆ ಸಾಫ್ಟ್‌ಬಾಕ್ಸ್‌ಗಳ ನೆರಳು ಕೊಡುವವರು ಯಾರೂ ಇಲ್ಲ. ಬಾಟಲ್ ಇನ್ನಷ್ಟು ತೇಲುತ್ತದೆ. ಹಾಗಾಗಿ ಎರಡು ಸಾಫ್ಟ್‌ಬಾಕ್ಸ್‌ಗಳನ್ನು ಎಚ್‌ಡಿಆರ್‌ಐಯಿಂದ ಹೊರಗೆ ತೆಗೆದು ನಿಜವಾದ ಏರಿಯಾ ಲೈಟ್ ಮಾಡಬೇಕು. ಎನ್ವಿರಾನ್ಮೆಂಟ್ ಟೆಕ್ಸ್ಚರ್ ಆದ ಮೇಲೆ ಒಂದು `Mix Color` ನೋಡ್ ಹಾಕಿ, `Darken` ಆರಿಸಿ, `Factor` 1 ಇಟ್ಟು, ಎರಡನೆಯ ಬಣ್ಣ ಬಿಳಿ 1.0 ಕೊಡಿ. 1ಕ್ಕಿಂತ ಮೇಲಿದ್ದದ್ದೆಲ್ಲ 1ಕ್ಕೆ ನಿಲ್ಲುತ್ತದೆ. ಕೋಣೆಯ ಗೋಡೆ, ಕತ್ತಲು, ಬಣ್ಣ ಎಲ್ಲ ಹಾಗೇ ಉಳಿಯುತ್ತದೆ.

ಆಮೇಲೆ ಅದೇ ದಿಕ್ಕುಗಳಲ್ಲಿ, ಬಾಟಲ್‌ನಿಂದ 3 ಮೀಟರ್ ದೂರದಲ್ಲಿ, ಎರಡು ಏರಿಯಾ ಲೈಟ್ ಇಡಿ. ಎಚ್‌ಡಿಆರ್‌ಐಯಲ್ಲಿ ಸಾಫ್ಟ್‌ಬಾಕ್ಸ್ 25 ಡಿಗ್ರಿ ಅಗಲ ಕಾಣುತ್ತಿತ್ತು. 3 ಮೀಟರ್‌ನಲ್ಲಿ ಅದಕ್ಕೆ ಸುಮಾರು 1.33 ಮೀಟರ್ ಅಗಲದ ಲೈಟ್ ಬೇಕು. ಪವರ್ ಎಷ್ಟು ಎಂದು ಲೆಕ್ಕ ಹಾಕುವ ಗೋಜಿಗೆ ನಾನು ಹೋಗಲಿಲ್ಲ. ಮೊದಲು ಮಾಡಿದ `Cycles` ಚಿತ್ರದಲ್ಲಿ ಬೂದು ಚೆಂಡಿನ ಎಡ ಮತ್ತು ಬಲ ಬದಿಯ ಪಿಕ್ಸೆಲ್ ಬೆಲೆ ಬರೆದುಕೊಂಡೆ. `EEVEE`ನಲ್ಲಿ ಅದೇ ಬೆಲೆ ಬರುವ ತನಕ ಎರಡೂ ಲೈಟ್‌ಗಳ ಪವರ್ ತಿರುಗಿಸಿದೆ. ಎರಡರ ನಡುವಿನ ಪ್ರಮಾಣ 29ಕ್ಕೆ 21ರ ಹತ್ತಿರ ಇರಲಿ, ಯಾಕೆಂದರೆ ಎರಡರಿಂದಲೂ 1 ಪಾಲು ಎಚ್‌ಡಿಆರ್‌ಐಯಲ್ಲೇ ಉಳಿದಿದೆ.

ಈಗ ಎರಡು ಮೆತ್ತಗಿನ ನೆರಳು ಬಂದವು. ಸ್ಟೀಲ್ ಮೇಲೆ ಎರಡು ಉದ್ದನೆಯ ಹೊಳಪು ಬಂದವು. ಆದರೆ ಬುಡ ಇನ್ನೂ ಬೂದಾಗಿಯೇ ಇತ್ತು.

## ಪ್ರೋಬ್ ಎಲ್ಲಿ ನಿಂತು ನೋಡುತ್ತಿದೆ

ದೂರದ ಕೋಣೆ ಎಚ್‌ಡಿಆರ್‌ಐಯಿಂದ ಸಿಗುತ್ತದೆ. ಹತ್ತಿರದ ಮೇಜು ಎಚ್‌ಡಿಆರ್‌ಐಯಲ್ಲಿ ಇಲ್ಲ, ಅದು ನಾವು ಮಾಡಿದ ಮಾಡೆಲ್. ಅದರ ಪ್ರತಿಬಿಂಬ ಬಾಟಲ್‌ಗೆ ಬರಬೇಕಾದರೆ ರಿಫ್ಲೆಕ್ಷನ್ ಪ್ರೋಬ್ ಬೇಕು. ಬ್ಲೆಂಡರ್ 4.2ರಲ್ಲಿ ಇದರ ಹೆಸರು `Light Probe` > `Sphere`. ಅದು ತಾನಿರುವ ಒಂದು ಬಿಂದುವಿನಿಂದ ಸುತ್ತಲಿನ ಚಿತ್ರ ತೆಗೆದಿಟ್ಟುಕೊಳ್ಳುತ್ತದೆ. ಸುತ್ತಮುತ್ತಲಿನ ವಸ್ತುಗಳೆಲ್ಲ ಅದೇ ಚಿತ್ರವನ್ನು ಪ್ರತಿಬಿಂಬ ಎಂದು ತೋರಿಸುತ್ತವೆ. ಎಲ್ಲವೂ ನಿಂತಿರುವುದು ಆ ಬಿಂದುವಿನ ಮೇಲೆ.

ಪ್ರೋಬ್ ಮಾತ್ರ ಏನು ಕೊಡುತ್ತಿದೆ ನೋಡಲು ರೆಂಡರ್ ಸೆಟ್ಟಿಂಗ್‌ನಲ್ಲಿ `Raytracing` ಟಿಕ್ ತೆಗೆಯಿರಿ. ಟಿಕ್ ಇದ್ದಾಗ, `Screen-Trace` ವಿಧಾನದಲ್ಲಿ, ಪರದೆಯಲ್ಲಿ ಕಾಣುವ ವಸ್ತುಗಳ ಪ್ರತಿಬಿಂಬ ಅಲ್ಲಿಂದಲೇ ಬರುತ್ತದೆ, ಪರದೆಯ ಹೊರಗಿನದಕ್ಕೆ ಮಾತ್ರ ಪ್ರೋಬ್ ಬಳಕೆಯಾಗುತ್ತದೆ. ಎರಡೂ ಬೆರೆತರೆ ಯಾವುದು ತಪ್ಪು ಎಂದು ಗೊತ್ತಾಗುವುದಿಲ್ಲ.

ನನ್ನ ಸೆಟ್ ಹೀಗಿತ್ತು. ಮೇಜಿನ ಎತ್ತರ 0.75 ಮೀ., ಅಗಲ ಮತ್ತು ಆಳ 1.2 ಮೀ. ಬಾಟಲ್ ಅದರ ನಡುವೆ. ಕ್ಯಾಮೆರಾ 1.2 ಮೀ. ದೂರದಲ್ಲಿ, ನೆಲದಿಂದ 1.1 ಮೀ. ಎತ್ತರದಲ್ಲಿ. ಪ್ರೋಬ್ ಬಾಟಲ್‌ನ ನೇರ ಮೇಲೆ, ನೆಲದಿಂದ 1.6 ಮೀ. ಎತ್ತರದಲ್ಲಿ. ಕೋಣೆಯ ನಡುವೆ ಇಟ್ಟರೆ ಎಲ್ಲ ಕಾಣುತ್ತದೆ ಎಂದುಕೊಂಡಿದ್ದೆ.

ನಿಜವಾಗಿ ಏನು ಕಾಣಬೇಕು? ಕ್ಯಾಮೆರಾ ಸ್ವಲ್ಪ ಮೇಲಿನಿಂದ ನೋಡುತ್ತಿದೆ. ನೋಟ ಬಾಟಲ್‌ನ ನೆಟ್ಟಗಿನ ಮೈಗೆ ಬಡಿದು ಅದೇ ಇಳಿಜಾರಿನಲ್ಲಿ ಮುಂದಕ್ಕೆ ಹೋಗುತ್ತದೆ. ಬುಡದ ಹತ್ತಿರ ಬಡಿದದ್ದು ಮೇಜಿಗೆ ತಾಗುತ್ತದೆ. ಮೇಲೆ ಬಡಿದದ್ದು ಮೇಜಿನ ಮುಂದಿನ ಅಂಚನ್ನು ದಾಟಿ ಹೋಗುತ್ತದೆ. ಲೆಕ್ಕ ಹಾಕಿದರೆ ಬುಡದಿಂದ ಸುಮಾರು 12 ಸೆಂ.ಮೀ. ತನಕ, ಅಂದರೆ ಬಾಟಲ್‌ನ ಹತ್ತಿರ ಹತ್ತಿರ ಕೆಳಗಿನ ಅರ್ಧ, ಮೇಜಿನ ಮರ ಕಾಣಬೇಕು.

ಪ್ರೋಬ್ ಇರುವ ಜಾಗದಿಂದ ನೋಡಿದರೆ ಮೇಜು ಕೆಳಗೆ 0.85 ಮೀ. ದೂರದಲ್ಲಿರುವ ಸಣ್ಣ ಚೌಕ. ಅದರ ಮುಂದಿನ ಅಂಚು ಅಡ್ಡ ಗೆರೆಯಿಂದ ಸುಮಾರು 55 ಡಿಗ್ರಿ ಕೆಳಗಿದೆ. ಬಾಟಲ್‌ನ ಮೈಯಿಂದ ಹೊರಡುವ ಕಿರಣ ಇಳಿಯುವುದು ಬರೀ 5ರಿಂದ 16 ಡಿಗ್ರಿ. ಪ್ರೋಬ್ ತನ್ನ ಗೋಳದ ಮೇಲೆ ಚಿತ್ರವನ್ನು ಹೊಂದಿಸಿ ತೋರಿಸಿದರೂ, ಬುಡದ ಕಿರಣ ಸಹ 35 ಡಿಗ್ರಿಯ ಹತ್ತಿರ ನಿಲ್ಲುತ್ತದೆ. 55 ಮುಟ್ಟುವುದೇ ಇಲ್ಲ. ಹಾಗಾಗಿ ಬಾಟಲ್‌ನ ಮೈಮೇಲೆ ಮೇಜು ಒಂದಿಷ್ಟೂ ಬರಲಿಲ್ಲ. ಬಂದದ್ದೆಲ್ಲ ಬೂದು ನೆಲ. ತೇಲುವ ಭಾವನೆಯ ಮುಕ್ಕಾಲು ಪಾಲು ಇದರಿಂದಲೇ.

ಪರಿಹಾರ ಸರಳ: ಪ್ರೋಬ್ ಅನ್ನು ಬಾಟಲ್‌ನ ನಡು ಎತ್ತರಕ್ಕೆ, 0.875 ಮೀ.ಗೆ ಇಳಿಸುವುದು. ಇಳಿಸಿದೆ. ಮೇಜು ಆಗಲೂ ಬರಲಿಲ್ಲ.

ಕಾರಣ `Clipping Start`. ನನ್ನ ಫೈಲಿನಲ್ಲಿ ಅದು 0.8 ಮೀ. ಇತ್ತು. ಅಷ್ಟರೊಳಗಿನ ಯಾವುದೂ ಪ್ರೋಬ್‌ನ ಚಿತ್ರದಲ್ಲಿ ಸೇರುವುದಿಲ್ಲ. ಮೇಜಿನ ಮೇಲ್ಮೈ ಈಗ ಕೇವಲ 12.5 ಸೆಂ.ಮೀ. ಕೆಳಗಿದೆ, ಹಾಗಾಗಿ ಅದು ಪೂರ್ತಿ ಕತ್ತರಿಸಿ ಹೋಗಿತ್ತು. ಅದನ್ನು 0.02 ಮೀ. ಮಾಡಿದೆ. ಬಾಟಲ್ ಪೂರ್ತಿ ಕಪ್ಪಾಯಿತು. ಗಾಬರಿಯಾಗಬೇಡಿ, ಇದು ಸರಿಯಾದ ದಾರಿಯಲ್ಲಿ ಬರುವ ಮುಂದಿನ ಹೆಜ್ಜೆ. ಪ್ರೋಬ್ ಈಗ ಬಾಟಲ್‌ನ ಒಳಗೆ ಕೂತಿದೆ, ಬಾಟಲ್‌ನ ಒಳಗೋಡೆಯನ್ನೇ ನೋಡುತ್ತಿದೆ. ಬಾಟಲ್ ಮತ್ತು ಮುಚ್ಚಳ ಎರಡನ್ನೂ ಆರಿಸಿ, ಆಬ್ಜೆಕ್ಟ್ ಪ್ರಾಪರ್ಟೀಸ್‌ನ `Visibility` > `Light Probes`ನಲ್ಲಿ `Sphere` ಟಿಕ್ ತೆಗೆಯಿರಿ. ಕ್ಯಾಮೆರಾಗೆ ಬಾಟಲ್ ಕಾಣುತ್ತದೆ, ಪ್ರೋಬ್‌ಗೆ ಮಾತ್ರ ಕಾಣುವುದಿಲ್ಲ. ನೀವು ಅಲ್ಲಿ ಚೆಂಡು ಇಟ್ಟಿದ್ದರೆ ಅದಕ್ಕೂ ಹೀಗೇ ಮಾಡಿ.

ಕೊನೆಗೂ ಮೇಜು ಬಂತು.

ಆಮೇಲೆ ಎರಡು ಅಳತೆಗಳನ್ನು ಬೇರೆ ಬೇರೆ ಮಾಡಬೇಕು. ಒಂದು, ಪ್ರೋಬ್ ಎಲ್ಲಿಯವರೆಗಿನ ವಸ್ತುಗಳಿಗೆ ಪ್ರತಿಬಿಂಬ ಕೊಡಬೇಕು. ಇನ್ನೊಂದು, ತೆಗೆದ ಚಿತ್ರ ಎಷ್ಟು ದೂರದಲ್ಲಿದೆ ಎಂದು ಅದು ಭಾವಿಸಬೇಕು. ಬ್ಲೆಂಡರ್ ಸುಮ್ನೆ ಬಿಟ್ಟರೆ ಎರಡಕ್ಕೂ ಒಂದೇ ರೇಡಿಯಸ್ ಬಳಸುತ್ತದೆ. ಬಾಟಲ್‌ಗೆ ಮಾತ್ರ ಪ್ರೋಬ್ ಸಾಕು ಎಂದು ರೇಡಿಯಸ್ 0.3 ಮೀ. ಮಾಡಿದರೆ, ಗೋಡೆ ಮತ್ತು ನೆಲ ಕೂಡ 30 ಸೆಂ.ಮೀ. ದೂರದಲ್ಲೇ ಇವೆ ಎಂದು ಅದು ಎಣಿಸುತ್ತದೆ. ಪ್ರತಿಬಿಂಬ ಹಿಗ್ಗಿ, ಕ್ಯಾಮೆರಾ ಅಲ್ಲಾಡಿಸಿದಾಗ ವಿಚಿತ್ರವಾಗಿ ಜಾರುತ್ತದೆ. ಹಾಗಾಗಿ `Custom Parallax` ಟಿಕ್ ಹಾಕಿ, ಅದರ ರೇಡಿಯಸ್ ಬೇರೆ ಕೊಡಿ. ನಾನು 2 ಮೀ. ಕೊಟ್ಟೆ. ಆಗ ಕನ್ನಡಿಯಂತೆ ಮಾಡಿದ ಬಾಟಲ್‌ನ ಮೇಲೆ ಮೇಜಿನ ಅಂಚು ಬುಡದಿಂದ ಸುಮಾರು 11 ಸೆಂ.ಮೀ.ನಲ್ಲಿ ಬಂತು. `Cycles`ನಲ್ಲಿ ಸುಮಾರು 12. ಒಂದು ಸೆಂ.ಮೀ. ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ, ಅದರಲ್ಲೂ ನಿಜವಾದ ಸ್ಟೀಲ್‌ನ 0.25 ರಫ್‌ನೆಸ್ ಹಾಕಿದ ಮೇಲೆ ಆ ಗೆರೆಯೇ ಮಸುಕಾಗುತ್ತದೆ.

ಯೂನಿಟಿಯಲ್ಲಿ ಇದೇ ಕೆಲಸಕ್ಕೆ `Box Projection` ಇದೆ. ಅಲ್ಲಿನ ಒಂದು ಅನುಕೂಲ ಅಂದರೆ `Box Offset`. ಪ್ರೋಬ್ ಇರುವ ಬಿಂದು ಪೆಟ್ಟಿಗೆಯ ನಡುವೆಯೇ ಇರಬೇಕಿಲ್ಲ. ಪೆಟ್ಟಿಗೆಯ ತಳವನ್ನು ಮೇಜಿಗೆ ಹೊಂದಿಸಿ, ಬದಿಗಳನ್ನು ಗೋಡೆಗೆ ಹೊಂದಿಸಬಹುದು. ಬ್ಲೆಂಡರ್‌ನಲ್ಲಿ ಆ ಆಕಾರ ಪ್ರೋಬ್‌ನ ಸುತ್ತ ಎರಡೂ ಕಡೆ ಸಮವಾಗಿರುತ್ತದೆ. ಮೇಜು 12.5 ಸೆಂ.ಮೀ. ದೂರ, ಗೋಡೆ ಹಲವು ಪಟ್ಟು ದೂರ ಇರುವಾಗ ಎರಡಕ್ಕೂ ಸರಿಹೊಂದುವ ಅಳತೆ ಸಿಗುವುದಿಲ್ಲ. ದೂರದ್ದಕ್ಕೆ ಹೊಂದಿಸಿ, ಹತ್ತಿರದ್ದನ್ನು `Screen-Trace`ಗೆ ಬಿಡುವುದು ನನ್ನ ಆಯ್ಕೆ. ಬಾಟಲ್‌ನ ಬುಡದ ಪಕ್ಕದ ಮೇಜು ಹೇಗೂ ಚಿತ್ರದಲ್ಲಿ ಕಾಣುತ್ತಿರುತ್ತದೆ, ಅದರ ಪ್ರತಿಬಿಂಬ ಅಲ್ಲಿಂದ ಕರಾರುವಾಕ್ಕಾಗಿ ಬರುತ್ತದೆ. ಚೌಕಟ್ಟಿನ ಹೊರಗೆ ಉಳಿದ ಮುಂದಿನ ಅಂಚು ಪ್ರೋಬ್‌ನಿಂದ ಬರುತ್ತದೆ. ಎರಡೂ ಸೇರುವ ಜಾಗದಲ್ಲಿ ಮೆಟ್ಟಿಲಿನಂಥ ಗೆರೆ ಕಂಡರೆ ಪ್ರೋಬ್ ಇನ್ನೂ ತಪ್ಪು ಎತ್ತರದಲ್ಲಿದೆ ಎಂದು ತಿಳಿಯಿರಿ.

ಬಾಟಲ್‌ನ ಮೇಲ್ಭಾಗದಲ್ಲಿ ಮಾತ್ರ ಪ್ರತಿಬಿಂಬ ಮಾಸಿ ಬೇರೆಯಾಗಿ ಕಂಡರೆ ಪ್ರೋಬ್‌ನ ಹರವು ಅಲ್ಲಿಯವರೆಗೆ ತಲುಪುತ್ತಿಲ್ಲ. ರೇಡಿಯಸ್ ಹೆಚ್ಚಿಸಿ ಅಥವಾ `Falloff` ಇಳಿಸಿ. ಪೂರ್ತಿ ಕನ್ನಡಿ ಹೊಳಪಿನ ವಸ್ತುವಿನಲ್ಲಿ ಪ್ರತಿಬಿಂಬ ಚೌಕ ಚೌಕವಾಗಿ ಕಂಡರೆ ರೆಂಡರ್ ಸೆಟ್ಟಿಂಗ್‌ನ `Light Probes`ನಲ್ಲಿ ರೆಸಲ್ಯೂಶನ್ 1024 ಅಥವಾ 2048 ಮಾಡಿ. ವರ್ಲ್ಡ್‌ನ ರೆಸಲ್ಯೂಶನ್ ಬೇರೆ ಇರುತ್ತದೆ, ಅದನ್ನೂ ನೋಡಿ. ನನ್ನ ಬಾಟಲ್‌ಗೆ ಇದು ಬೇಕಾಗಲಿಲ್ಲ.

## ಉಳಿದ ವ್ಯತ್ಯಾಸ

ಎಲ್ಲ ಆದ ಮೇಲೆ `Raytracing` ಮತ್ತೆ ಹಾಕಿ, ಚೆಂಡುಗಳನ್ನು ತೆಗೆದು, ಬಾಟಲ್ ಇಟ್ಟು `Cycles` ಚಿತ್ರದ ಪಕ್ಕದಲ್ಲಿ ನೋಡಿದೆ. ನೆರಳಿನ ದಿಕ್ಕು, ಬುಡದ ಮರದ ಬಣ್ಣ, ಎರಡು ಹೊಳಪು ಎಲ್ಲ ಹೊಂದಿದವು. ಒಂದು ಮಾತ್ರ ಹೊಂದಲಿಲ್ಲ. ಮುಚ್ಚಳದ ಕೆಳಗೆ ಬಾಟಲ್‌ನ ಭುಜದ ಮೇಲೆ ಮುಚ್ಚಳದ ಕಪ್ಪು ಪ್ರತಿಬಿಂಬ ಬೀಳಬೇಕು. `EEVEE`ನಲ್ಲಿ ಅದು ತೆಳುವಾಗಿ ಒಂದು ಭಾಗದಲ್ಲಿ ಮಾತ್ರ ಬಂತು. ಬಾಟಲ್ ಮತ್ತು ಮುಚ್ಚಳವನ್ನು ಪ್ರೋಬ್‌ನಿಂದ ಮರೆಮಾಡಿದ್ದೇ ಇದಕ್ಕೆ ಕಾರಣ. `Screen-Trace` ಕೊಡುವುದು ಕ್ಯಾಮೆರಾಗೆ ಕಾಣುವ ಮುಚ್ಚಳದ ಬದಿಯನ್ನಷ್ಟೇ, ಮುಚ್ಚಳದ ತಳ ಕ್ಯಾಮೆರಾಗೆ ಕಾಣುವುದೇ ಇಲ್ಲ.

ಒಂದು ಬಿಂದುವಿನಿಂದ ತೆಗೆದ ಪ್ರೋಬ್ ತನ್ನೊಳಗೆ ಕೂತಿರುವ ವಸ್ತುವಿನ ಸ್ವಂತ ಪ್ರತಿಬಿಂಬ ಕೊಡಲಾರದು. ಇದಕ್ಕೆ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ. ನಾನು ಭುಜದ ಮೇಲಿನ ಆ ಒಂದು ಸೆಂ.ಮೀ. ಪಟ್ಟಿಯ ಬಣ್ಣವನ್ನು ಮೆಟೀರಿಯಲ್‌ನಲ್ಲೇ ಮುಚ್ಚಳದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಕಪ್ಪಾಗಿಸಿದೆ. ಸುತ್ತಿ ತೋರಿಸುವ 120 ಫ್ರೇಮ್‌ಗಳ ಅನಿಮೇಷನ್‌ಗೆ ಅಷ್ಟು ಸಾಕಾಯಿತು. ಪ್ಯಾಕೆಟ್ ಮೇಲೆ ಅಚ್ಚಾಗುವ ಒಂದೇ ದೊಡ್ಡ ಚಿತ್ರವನ್ನು ಮಾತ್ರ `Cycles`ನಲ್ಲೇ ರೆಂಡರ್ ಮಾಡಿದೆ.